ಹನ್ನೊಂದು ಕೊರಳಿಗೆ ಒಂದೇ ಕಾಲರು

ಆ ಸಂಜೆ ಹಾಸನದ ರೈಲು ಇಳಿದು ಹನ್ನೊಂದು ಜನ ಹೆಂಗಸರು ಒಟ್ಟಿಗೆ ನನ್ನ ಸ್ಟುಡಿಯೊಗೆ ಬಂದರು. ಹೊಳೆನರಸೀಪುರದಲ್ಲಿ ಅಪ್ಪ ನಡೆಸುತ್ತಿದ್ದ ಸ್ಟುಡಿಯೊ ಅದು. ಅವರು ಹೋದ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ. ಮದುವೆ, ನಾಮಕರಣದ ಕೆಲಸವೆಲ್ಲ ಈಗ ದೊಡ್ಡ ಕ್ಯಾಮೆರಾ ಇಟ್ಟುಕೊಂಡ ಹುಡುಗರ ಪಾಲಾಗಿದೆ. ನನಗೆ ಉಳಿದಿರುವುದು ಪಾಸ್‌ಪೋರ್ಟ್ ಸೈಜಿನ ಮುಖಗಳು. ಅದರ ಬಗ್ಗೆ ನನಗೆ ಬೇಸರವಿಲ್ಲ. ಒಂದು ಮುಖವನ್ನು ಸರಿಯಾದ ಬೆಳಕಿನಲ್ಲಿ ನೆಟ್ಟಗೆ ತೆಗೆಯುವುದು ಜನ ತಿಳಿದಷ್ಟು ಸುಲಭದ ಕೆಲಸವಲ್ಲ.

ಬಂದವರೆಲ್ಲ ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ವಾರ್ಡಿನ ಆಯಾಗಳು. ನೆಲ ಒರೆಸುವವರು, ರೋಗಿಗಳ ಬಟ್ಟೆ ಬದಲಿಸುವವರು, ಬೆಡ್‌ಪ್ಯಾನ್ ಹಿಡಿಯುವವರು. ವರ್ಷಗಳಿಂದ ಅಲ್ಲೇ ದುಡಿಯುತ್ತಿದ್ದವರು. ಆ ತಿಂಗಳು ಗುತ್ತಿಗೆ ಬೇರೆ ಕಂಪನಿಗೆ ಹೋಗಿ ಹೊಸ ಸೂಪರ್‌ವೈಸರ್ ಬಂದಿದ್ದ. ಅವನು ಗ್ರೂಪಿನಲ್ಲಿ ಹಾಕಿದ್ದ ಮೆಸೇಜನ್ನು ಒಬ್ಬಾಕೆ ನನ್ನ ಮುಂದೆ ಹಿಡಿದಳು. ಹೊಸ ಐಡಿ ಕಾರ್ಡಿಗೆ ಫೋಟೋ ಬೇಕು. ಕಾಲರ್ ಇರುವ ಪ್ಲೇನ್ ಫಾರ್ಮಲ್ ಶರ್ಟ್, ತಿಳಿ ನೀಲಿ. ಹಿಂದೆ ಬಿಳಿ. ನಗಬಾರದು. ನಾಳೆಯೊಳಗೆ ಕಳಿಸದಿದ್ದರೆ ಹಾಜರಿ ಇಲ್ಲ.

"ನಾವೇನ್ ಬ್ಯಾಂಕ್ ಮ್ಯಾನೇಜರಾ ಅಕ್ಕ, ಶರ್ಟ್ ಹಾಕ್ಕೊಳ್ಳಾಕೆ?" ಎಂದು ಒಬ್ಬಳು ನಕ್ಕಳು. ಮಿಕ್ಕವರೂ ನಕ್ಕರು. ಆಗ ನನಗೂ ಅದು ತಮಾಷೆಯಾಗಿಯೇ ಕಂಡಿತು.

ಸ್ಟುಡಿಯೊದಲ್ಲಿ ಕನ್ನಡಿಯ ಪಕ್ಕ ಒಂದು ಕೋಟು, ಒಂದು ಬಿಳಿ ಶರ್ಟು, ಒಂದು ತಿಳಿ ನೀಲಿ ಶರ್ಟು ಯಾವಾಗಲೂ ನೇತಾಡುತ್ತಿರುತ್ತವೆ. ಟೀ ಶರ್ಟಿನಲ್ಲಿ ಬಂದ ಕಾಲೇಜು ಹುಡುಗರು ಅವನ್ನೇ ತೊಟ್ಟು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಆದರೆ ಅವು ಗಂಡಸರ ಅಳತೆಯವು. ಮೊದಲನೆಯವಳು ಸೀರೆಯ ಮೇಲೆಯೇ ನೀಲಿ ಶರ್ಟು ತೊಟ್ಟಳು. ಸೆರಗು ಒಳಗೆ ಗಂಟುಕಟ್ಟಿಕೊಂಡು ಒಂದು ಹೆಗಲು ಎತ್ತರ, ಒಂದು ಹೆಗಲು ತಗ್ಗು ಕಂಡಿತು. ಕಾಲರು ಕಿವಿಯವರೆಗೆ ಬಂತು. ಸೀರೆ ಬಿಚ್ಚಿ ಶರ್ಟು ತೊಡಲು ಒಳಗೆ ಕೋಣೆಯೇನೋ ಇತ್ತು, ಆದರೆ ಯಾರೂ ಒಪ್ಪಲಿಲ್ಲ. ಹಗಲೆಲ್ಲ ದುಡಿದು, ರೈಲಿನಲ್ಲಿ ನಿಂತು ಬಂದವರು. ಮನೆಯಲ್ಲಿ ಒಲೆ ಹಚ್ಚಬೇಕಿತ್ತು.

"ಸೀರೇಲೇ ತೆಗ್ದು ಕಂಪ್ಯೂಟರಲ್ಲಿ ಶರ್ಟ್ ಹಾಕ್ಬುಡಕ್ಕ. ಎಲ್ಲಾರೂ ಅಂಗೇ ಮಾಡ್ತಾರಂತೆ" ಎಂದರು.

ಎಲ್ಲರೂ ಮಾಡುವುದು ನಿಜ. ನಾನೂ ಮಾಡುತ್ತೇನೆ. ಪಾಸ್‌ಪೋರ್ಟಿಗೆ, ಸರ್ಕಾರಿ ಪರೀಕ್ಷೆಗೆ ಎಂದರೆ ಮಾತ್ರ ಮುಟ್ಟುವುದಿಲ್ಲ. ಅಲ್ಲಿ ತಿದ್ದಿದ ಫೋಟೋ ತಿರಸ್ಕಾರವಾಗುತ್ತದೆ, ಇದ್ದ ಬಟ್ಟೆಯಲ್ಲೇ ಕೂರಿ ಎನ್ನುತ್ತೇನೆ. ಕಂಪನಿಯ ಕಾರ್ಡಿಗೆ ಅಷ್ಟು ಬಿಗಿ ಇರುವುದಿಲ್ಲ. ಹನ್ನೊಂದು ಜನರನ್ನೂ ಬಿಳಿ ಪರದೆಯ ಮುಂದೆ ಒಬ್ಬೊಬ್ಬರಾಗಿ ಕೂರಿಸಿ, ನಗಬೇಡಿ ಎಂದು ಹೇಳಿ, ಎರಡೂ ಕಡೆ ದೀಪ ಸಮ ಮಾಡಿ ತೆಗೆದೆ. ನಾಳೆ ಬೆಳಗಿನ ರೈಲಿಗೆ ಮುಂಚೆ ಕಳಿಸುತ್ತೇನೆ ಎಂದೆ.

ನಾನು ತಪ್ಪು ಮಾಡಿದ್ದು ಅವರು ಹೋದ ಮೇಲೆ. ಒಂದು ಫೋಟೋಗೆ ಕೈಯಿಂದ ಶರ್ಟು ಕೂರಿಸಲು ಅರ್ಧ ಗಂಟೆ ಬೇಕು. ಚನ್ನರಾಯಪಟ್ಟಣದಲ್ಲಿ ಸ್ಟುಡಿಯೊ ಇಟ್ಟಿರುವ ಪರಿಚಯದವರೊಬ್ಬರು ಹಿಂದಿನ ವಾರವಷ್ಟೇ ಫೋನಿನಲ್ಲಿ, "ಈಗ ಯಾರು ಮೇಡಂ ಕೈಲಿ ಮಾಡ್ತಾ ಕೂತ್ಕತಾರೆ? ಎಐ ಆ್ಯಪಿಗೆ ಹೇಳಿ, ಅದೇ ಶರ್ಟ್ ಹಾಕ್ಕೊಡ್ತದೆ" ಎಂದಿದ್ದರು. ಅದನ್ನೇ ತೆರೆದೆ. ಬಟ್ಟೆ ಮಾತ್ರ ಬದಲಾಗಲಿ, ಕಾಲರಿನ ಸಾದಾ ತಿಳಿ ನೀಲಿ ಶರ್ಟು ಬರಲಿ, ಮುಖಭಾವ ಹಾಗೇ ಇರಲಿ, ಹಿಂದಿನ ಬಿಳಿ ಹಾಗೇ ಇರಲಿ ಎಂದು ಬರೆದೆ. ಅರ್ಧ ನಿಮಿಷಕ್ಕೊಂದು ಬಂತು. ಕಾಲರು ಅಚ್ಚುಕಟ್ಟು, ಗುಂಡಿ ನೆಟ್ಟಗೆ, ಹೆಗಲು ಸಮ. ನಾನು ಕಾಲರನ್ನೇ ನೋಡುತ್ತಾ ಹೋದೆ. ಹನ್ನೊಂದನ್ನೂ ಕಳಿಸಿದೆ.

ಅವರಲ್ಲಿ ಒಬ್ಬಳ ಬಾಯಿ ಎಡಕ್ಕೆ ಸ್ವಲ್ಪ ಇಳಿದಿತ್ತು. ಅರಕಲಗೂಡಿನ ಕಡೆಯಿಂದ ಇಲ್ಲಿಗೆ ಮದುವೆಯಾಗಿ ಬಂದವಳು, ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವಳು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಎದ್ದಾಗ ಮುಖದ ಎಡಭಾಗ ಸ್ವಾಧೀನ ತಪ್ಪಿತ್ತಂತೆ. ಮುಖದ ನರದ ತೊಂದರೆ ಎಂದು ಅದೇ ಆಸ್ಪತ್ರೆಯವರು ಮಾತ್ರೆ ಕೊಟ್ಟು, ವ್ಯಾಯಾಮ ಹೇಳಿಕೊಟ್ಟರು. ಬಹುಪಾಲು ಸರಿಹೋಯಿತು. ಬಾಯಿಯ ತುದಿ ಮಾತ್ರ ಮೇಲಕ್ಕೆ ಬರಲಿಲ್ಲ, ಎಡಗಣ್ಣು ತುಸು ಸಣ್ಣದಾಗಿಯೇ ಉಳಿಯಿತು. ಆ್ಯಪಿನಿಂದ ಬಂದ ಅವಳ ಫೋಟೋದಲ್ಲಿ ಬಾಯಿ ನೇರವಾಗಿತ್ತು. ಅದನ್ನು ನಾನು ನೋಡಿದ್ದೆ. ನೋಡಿಯೂ, ಚೆನ್ನಾಗಿ ಬಂದಿದೆ, ಅವಳಿಗೂ ಖುಷಿಯಾಗುತ್ತದೆ ಅಂದುಕೊಂಡೆ. ಇದನ್ನು ಬರೆಯುವಾಗ ನನಗೆ ನನ್ನ ಮೇಲೆಯೇ ಹಲ್ಲು ಕಡಿಯುವಷ್ಟು ಕೋಪ ಬರುತ್ತದೆ.

ಒಂದು ವಾರ ಕಳೆದಿತ್ತು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅವಳು ಒಬ್ಬಳೇ ಬಂದಳು. ಆ ಹೊತ್ತಿಗೆ ಅವಳು ವಾರ್ಡಿನಲ್ಲಿರಬೇಕಿತ್ತು.

"ಮಿಷಿನ್ನು ನನ್ನ ಮಕ ಇಡೀತಿಲ್ಲ ಕಣಕ್ಕ" ಎಂದಳು.

ಆಸ್ಪತ್ರೆಯ ಹಿಂಬಾಗಿಲಿನಲ್ಲಿ ಮುಖ ನೋಡಿ ಹಾಜರಿ ಹಾಕುವ ಯಂತ್ರ ಕೂರಿಸಿದ್ದರಂತೆ. ಐಡಿ ಕಾರ್ಡಿಗೆ ಕಳಿಸಿದ ಫೋಟೋವನ್ನೇ ಅದಕ್ಕೂ ತುಂಬಿದ್ದರು. ಮಿಕ್ಕವರಲ್ಲಿ ಇಬ್ಬರಿಗೆ ಎರಡು ಮೂರು ಸಲ ತೋರಿಸಿದ ಮೇಲೆ ಒಪ್ಪಿತು. ಇವಳಿಗೆ ಒಪ್ಪಲೇ ಇಲ್ಲ. ಮೂರು ದಿನ ಅವಳು ಹೋಗಿದ್ದಾಳೆ, ದುಡಿದಿದ್ದಾಳೆ. ಮೂರು ದಿನವೂ ಗೈರು ಎಂದು ಬಿದ್ದಿದೆ. ನಾಲ್ಕನೆಯ ದಿನ ಸೂಪರ್‌ವೈಸರ್ ಬಾಗಿಲಲ್ಲೇ ನಿಲ್ಲಿಸಿ ವಾಪಸ್ ಕಳಿಸಿದ್ದಾನೆ.

"ಏನಂದ ಅವನು?" ಎಂದು ಕೇಳಿದೆ.

ಅವಳು, "ಎಲ್ಲಾರ ಮುಂದೇನೆ ಅಂದ ಅಕ್ಕ. ಈ ಫೋಟೋದಲ್ಲಿರೋಳು ನೀನಲ್ಲ, ಒಂದೋ ಫೋಟೋ ಸರಿ ಮಾಡಿಸ್ಕೊಂಡು ಬಾ, ಇಲ್ಲ ಬಾಯಿ ಸರಿ ಮಾಡಿಸ್ಕೊಂಡು ಬಾ ಅಂದ" ಎಂದಳು.

ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವುದರಲ್ಲಿ ನನ್ನ ಸಿಟ್ಟು ಸ್ವಲ್ಪ ಇಳಿಯುತ್ತಿತ್ತೋ ಏನೋ. ಕುರ್ಚಿಯ ತುದಿಯಲ್ಲಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವಳು ನನ್ನನ್ನೇ ನೋಡುತ್ತಿದ್ದಳು.

ನಾನು ತೆಗೆದ ಮೂಲ ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆದು, ಅದರ ಮೇಲೆ ಆ್ಯಪಿನ ಫೋಟೋವನ್ನು ಅದೇ ಅಳತೆಗೆ ಕೂರಿಸಿದೆ. ಮೇಲಿನದನ್ನು ಮರೆಮಾಡಿದೆ, ಮತ್ತೆ ತೋರಿಸಿದೆ. ಬಟ್ಟೆ ಮಾತ್ರ ಬದಲಾಗಲಿ ಎಂದು ಬರೆದಿದ್ದೆನಲ್ಲ, ಬದಲಾಗದ್ದು ಏನೂ ಇರಲಿಲ್ಲ. ಅದು ಬರೀ ಶರ್ಟು ತೊಡಿಸಿರಲಿಲ್ಲ, ಇಡೀ ಚಿತ್ರವನ್ನೇ ಹೊಸದಾಗಿ ಬರೆದಿತ್ತು. ಬಾಯಿ ನೇರ. ಎರಡು ಕಣ್ಣೂ ಒಂದೇ ಅಳತೆ. ಕಿವಿಯ ಕೆಳಗಿನ ಮಚ್ಚೆ ಇಲ್ಲ. ಮೂಗಿನ ಬೊಟ್ಟು ಇಲ್ಲ, ಅದರ ತೂತೂ ಇಲ್ಲ. ಬೈತಲೆಯ ಹತ್ತಿರದ ಬಿಳಿ ಕೂದಲು ಕಪ್ಪಾಗಿತ್ತು. ಮೈಬಣ್ಣ ಒಂದು ಹಂತ ತಿಳಿಯಾಗಿತ್ತು. ಹಿಂದಿನ ಬಿಳಿ ಕೂಡ ನನ್ನ ಪರದೆಯ ಬಿಳಿಯಲ್ಲ. ಮಿಕ್ಕ ಹತ್ತನ್ನೂ ಹಾಗೇ ಒಂದರ ಮೇಲೊಂದು ಇಟ್ಟು ನೋಡಿದೆ. ಒಬ್ಬಳ ಸುಟ್ಟ ಗಾಯದ ಗುರುತು ಮಾಯ. ಒಬ್ಬಳ ಉಬ್ಬುಹಲ್ಲು ಮಾಯ, ತುಟಿ ಮುಚ್ಚಿದೆ. ಎಲ್ಲರೂ ಬೆಳ್ಳಗಾಗಿದ್ದಾರೆ. ಹನ್ನೊಂದು ಜನ ಅಕ್ಕತಂಗಿಯರ ಹಾಗೆ ಕಾಣುತ್ತಿದ್ದರು.

ಅವಳು ಎದ್ದು ಬಂದು ನನ್ನ ಹಿಂದೆ ನಿಂತಿದ್ದಳು. ತನ್ನ ಫೋಟೋ ಬಂದಾಗ, "ಇದ ನೋಡ್ದಾಗ್ಲೇ ನಂಗೆ ಗೊತ್ತಾಯ್ತು ಅಕ್ಕ, ನಾನಲ್ಲ ಅಂತ. ಆದ್ರೂ ಸುಮ್ಕಿದ್ದೆ. ಮದ್ಲು ಇಂಗೇ ಇದ್ನಲ್ಲ ಅನ್ನುಸ್ತು" ಎಂದಳು.

ಯಾರ ಮೇಲೆ ಸಿಟ್ಟಾಗಬೇಕೋ ನನಗೆ ಗೊತ್ತಾಗಲಿಲ್ಲ. ಆ ಆ್ಯಪಿನ ಮೇಲೆಯೇ? ಮುಖ ಎಂದರೇನು ಎಂದು ಅದಕ್ಕೇನು ಗೊತ್ತು? ನನಗೆ ಗೊತ್ತಿತ್ತು. ಅಪ್ಪನ ಪಕ್ಕ ನಿಂತು ಕಲಿತದ್ದೇ ಅದು. ನೆಗೆಟಿವ್ ತಿದ್ದುವ ಕಾಲದಲ್ಲೂ ಅಪ್ಪ ಮೊಡವೆ ಅಳಿಸುತ್ತಿದ್ದರೇ ಹೊರತು ಮಚ್ಚೆ ಮುಟ್ಟುತ್ತಿರಲಿಲ್ಲ. ಮೊಡವೆ ನಾಳೆ ಹೋಗುತ್ತದೆ, ಮಚ್ಚೆ ಅವರದ್ದು ಎನ್ನುತ್ತಿದ್ದರು. ಇಷ್ಟು ತಿಳಿದವಳು ಕಾಲರು ನೋಡಿ ಮರುಳಾಗಿದ್ದೆ.

"ಬಾ, ಒಳಗೆ ಹೋಗಿ ಶರ್ಟ್ ಹಾಕ್ಕೊ. ಪಿನ್ ಹಾಕಿ ಅಳತೆಗೆ ತರ್ತೀನಿ. ನಿಜವಾದ್ ಶರ್ಟಲ್ಲೇ ತೆಗೀತೀನಿ" ಎಂದೆ.

ಆಗ ಅವಳಿಗೆ ಸಿಟ್ಟು ಬಂತು. ಅವಳ ದನಿ ಎತ್ತರವಾದದ್ದನ್ನು ಕೇಳಿದ್ದು ನಾನು ಅದೇ ಮೊದಲು.

"ನಾನ್ಯಾಕೆ ಹಾಕ್ಕೊಳ್ಳಲಿ? ಅನ್ನೆಲ್ಡು ವರ್ಸ ಸೀರೆ ಮ್ಯಾಲೆ ಕೋಟು ಹಾಕ್ಕೊಂಡು ಮಾಡಿವ್ನಿ. ಒಬ್ಬ ಪೇಷೆಂಟೂ ನಿನ್ ಕಾಲರ್ ಎಲ್ಲಿ ಅಂತ ಕೇಳ್ನಿಲ್ಲ. ಅವನ್ಗೆ ಬೇಕಾದ್ರೆ ನೀನೇ ಅಂಟುಸ್ಕೊಡು. ನಾನು ಮಾತ್ರ ತೊಡಾಕಿಲ್ಲ."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಅಂಗಡಿಯ ಬಾಗಿಲಿಗೆ 'ಸಂಜೆ ಬನ್ನಿ' ಎಂಬ ಬೋರ್ಡು ಹಾಕಿ, ಆ ನೀಲಿ ಶರ್ಟನ್ನು ನಾನೇ ತೊಟ್ಟೆ. ಕಾಲರಿನ ಗುಂಡಿ ಹಾಕಿ, ಬೆನ್ನಿಗೆ ಕ್ಲಿಪ್ಪು ಸಿಕ್ಕಿಸಿ, ಅವಳು ಕೂತಿದ್ದ ಸ್ಟೂಲಿನ ಮೇಲೆ ಕೂತೆ. ಕ್ಯಾಮೆರಾದ ಎತ್ತರ, ದೀಪ ಯಾವುದನ್ನೂ ಬದಲಿಸಲಿಲ್ಲ. ಬೆಳಕು ಬೇರೆಯಾದರೆ ಅಂಟಿಸಿದ್ದು ಅಂಟಿಸಿದ ಹಾಗೆಯೇ ಕಾಣುತ್ತದೆ. ಎಲ್ಲಿ ಒತ್ತಬೇಕೆಂದು ತೋರಿಸಿದೆ, ಅವಳೇ ಕ್ಲಿಕ್ ಮಾಡಿದಳು.

ಆಮೇಲೆ ಅವಳ ಮೂಲ ಫೋಟೋವನ್ನು ತೆಗೆದುಕೊಂಡು ಗದ್ದದಿಂದ ಮೇಲಿನದಕ್ಕೆ ಕೈ ಹಚ್ಚದೆ ಕೆಲಸ ಶುರುಮಾಡಿದೆ. ಅವಳ ತಲೆಯ ಪದರ ಹಾಗೇ ಇರಬೇಕು, ಒಂದು ಚುಕ್ಕೆಯೂ ಬದಲಾಗಬಾರದು. ಅದರ ಕೆಳಗೆ ನನ್ನ ಶರ್ಟಿನ ಪದರ. ಕಾಲರಿನ ಹಿಂಭಾಗ ಕತ್ತಿನ ಹಿಂದಕ್ಕೆ ಹೋಗಬೇಕು, ಎರಡು ತುದಿಗಳು ಕತ್ತಿನ ಮುಂದಕ್ಕೆ ಬರಬೇಕು. ಗದ್ದದ ನೆರಳು ಕಾಲರಿನ ಮೇಲೂ ತುಸು ಬೀಳಬೇಕು, ಇಲ್ಲದಿದ್ದರೆ ತಲೆ ಗಾಳಿಯಲ್ಲಿ ತೇಲಿದ ಹಾಗಿರುತ್ತದೆ. ಸೆರಗು ಹೆಗಲಿನಿಂದ ಆಚೆಗೆ ಉಬ್ಬಿದ್ದ ಜಾಗಕ್ಕೆ ಅದೇ ಫೋಟೋದ ಬಿಳಿಯನ್ನು ತಂದು ತುಂಬಬೇಕು. ಕತ್ತಿನ ಅಂಚಿನಲ್ಲಿ ಗೆರೆ ಉಳಿಯಬಾರದು. ಅವಳದು ಮುಗಿದ ಮೇಲೆ ಮಿಕ್ಕ ಹತ್ತನ್ನೂ ಮಾಡಿದೆ. ಸಂಜೆಯ ಹೊತ್ತಿಗೆ ಹನ್ನೊಂದು ಜನರಿಗೂ ನನ್ನ ಹೆಗಲು, ಅವರವರ ಮುಖ. ಬಾಯಿ ಇಳಿದದ್ದು ಇಳಿದಂತೆ, ಹಲ್ಲು ಉಬ್ಬಿದ್ದು ಉಬ್ಬಿದಂತೆ. ಏನೂ ತಿದ್ದದ ಸೀರೆಯ ಫೋಟೋಗಳನ್ನೂ ಜೊತೆಗೆ ಬೇರೆಯಾಗಿ ಪ್ರಿಂಟು ಹಾಕಿದೆ.

"ನಾಳೆ ನಾನೂ ಬರ್ತೀನಿ" ಎಂದೆ.

"ನೀನ್ಯಾಕಕ್ಕ? ಅವನ ಬಾಯಿ ಸರಿಯಿಲ್ಲ" ಎಂದಳು. ಹೇಳಿದ ಮೇಲೆ ಅವಳಿಗೇ ನಗು ಬಂತು. ನನಗೆ ಬರಲಿಲ್ಲ.

ಬೆಳಗಿನ ರೈಲಿನಲ್ಲಿ ಹೋದೆವು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಆಮ್ಲಜನಕದ ಸಿಲಿಂಡರುಗಳ ಪಕ್ಕದ ಕೋಣೆಯಲ್ಲಿ ಸೂಪರ್‌ವೈಸರ್ ಕೂತಿದ್ದ. ಮೂವತ್ತರ ಆಸುಪಾಸು. ಕಾಲರಿನ ಟೀ ಶರ್ಟು ತೊಟ್ಟಿದ್ದ, ಮೇಲಿನ ಗುಂಡಿ ಬಿಚ್ಚಿತ್ತು. ನಾನು ಯಾರೆಂದು ಹೇಳಿ, ತಪ್ಪು ನನ್ನದು, ಇವರದಲ್ಲ, ಈ ಫೋಟೋ ಹಾಕಿಕೊಳ್ಳಿ, ಮೂರು ದಿನದ ಹಾಜರಿ ಸರಿಮಾಡಿ ಎಂದೆ.

"ಆಗಲ್ಲ ಮೇಡಂ. ಅಪ್‌ಲೋಡ್ ಆಗೋಗಿದೆ. ಮಿಷಿನ್ ಆಬ್ಸೆಂಟ್ ಅಂದ್ರೆ ಆಬ್ಸೆಂಟ್."

"ಅವರು ಇಲ್ಲೇ ಕೆಲಸ ಮಾಡಿದ್ದನ್ನ ನೀವೇ ನೋಡಿದೀರಲ್ಲ."

"ನಾನು ನೋಡಿದ್ರೆ ಲೆಕ್ಕಕ್ಕಿಲ್ಲ ಮೇಡಂ, ಮಿಷಿನ್ ನೋಡ್ಬೇಕು."

ನಾನು ಮೇಜಿನ ಮೇಲೆ ಕೈಯೂರಿದೆ. "ಬಾಯಿ ಸರಿ ಮಾಡಿಸ್ಕೊಂಡು ಬಾ ಅಂದ್ರಂತೆ. ಅದೂ ಮಿಷಿನ್ ಅಂದಿದ್ದಾ, ನೀವು ಅಂದಿದ್ದಾ?"

ಅವನು ಅವಳ ಕಡೆ ನೋಡಲಿಲ್ಲ. "ಜೋಕಿಗೆ ಅಂದಿದ್ದು ಅದು."

"ಯಾರು ನಕ್ಕರು?"

ಶರ್ಟೇ ಬೇಕೆಂಬ ನಿಯಮ ಎಲ್ಲಿದೆ, ತೋರಿಸಿ ಎಂದೆ. ಹೆಡ್ ಆಫೀಸ್ ರೂಲ್ ಎಂದ. ತೋರಿಸಿ ಎಂದು ಮತ್ತೆ ಕೇಳಿದೆ. ಬೇಸರದಿಂದ ಫೋನಿನಲ್ಲಿ ಹುಡುಕಿ ಮುಂದೆ ತಳ್ಳಿದ. ಇಂಗ್ಲಿಷಿನ ಎರಡು ಪುಟದ ಆದೇಶ. ಮೊದಲ ಪುಟದಲ್ಲಿ ಕಾಲರಿನ ಶರ್ಟು ಇತ್ತು, ಹೌದು. ಆದರೆ ಅದು ಆಫೀಸಿನ ಸಿಬ್ಬಂದಿಗೆ. ಎರಡನೆಯ ಪುಟದಲ್ಲಿ ವಾರ್ಡಿನ ಸಿಬ್ಬಂದಿಗೆ ಬೇರೆಯೇ ಸಾಲಿತ್ತು. ಸಮವಸ್ತ್ರ ಅಥವಾ ಅಚ್ಚುಕಟ್ಟಾದ ಉಡುಪು, ಸಾದಾ ಹಿನ್ನೆಲೆ, ಮುಖ ಸ್ಪಷ್ಟವಾಗಿರಬೇಕು, ಫೋಟೋ ತಿದ್ದಿರಬಾರದು.

ಆ ಸಾಲನ್ನು ಕನ್ನಡದಲ್ಲಿ ಜೋರಾಗಿ ಅವಳಿಗೆ ಓದಿ ಹೇಳಿದೆ. ಅವಳು, "ಇನ್ನೊಂದ್ಸಲ ಓದಕ್ಕ" ಎಂದಳು. ಇನ್ನೊಂದು ಸಲ ಓದಿದೆ.

ಅವನು ಎರಡನೆಯ ಪುಟವನ್ನು ತೆರೆದೇ ಇರಲಿಲ್ಲ. ಅಷ್ಟೇ. ಯಾರ ಪಿತೂರಿಯೂ ಇಲ್ಲ, ಯಾರ ಲಾಭವೂ ಇಲ್ಲ. ಬೆರಳಿನಿಂದ ಪರದೆಯನ್ನು ಒಮ್ಮೆ ಮೇಲಕ್ಕೆ ಸರಿಸಿದ್ದರೆ ಸಾಕಿತ್ತು. ಆ ಒಂದು ಬೆರಳಿನ ಸೋಮಾರಿತನಕ್ಕೆ ಹನ್ನೊಂದು ಜನ ಹೆಂಗಸರು ರೈಲಿಳಿದು ನನ್ನ ಅಂಗಡಿಯಲ್ಲಿ ಒಂದು ಗಂಡಸರ ಶರ್ಟಿನ ಮುಂದೆ ನಿಂತಿದ್ದರು. ಅವನ ಮೇಲೆ ನಾನು ಕೂಗಾಡಿದೆ. ಏನೇನಂದೆನೋ ಎಲ್ಲ ನೆನಪಿಲ್ಲ. ಓದಲು ಬಾರದವರು ಅವರು ಎಂದು ನೀನು ತಿಳಿದಿದ್ದೀಯ, ಓದದವನು ನೀನು ಎಂದದ್ದು ನೆನಪಿದೆ. ನೀವು ಹೋಗಿ ನೀನು ಆಗಿತ್ತು.

ಗಲಾಟೆ ಕೇಳಿ ನರ್ಸಿಂಗಿನ ಮೇಲ್ವಿಚಾರಕಿ ಕೆಳಗಿಳಿದು ಬಂದರು. ನಿವೃತ್ತಿಯ ಹತ್ತಿರದವರು, ಮಿತಭಾಷಿ. ವಿಷಯ ಕೇಳಿ, ಆದೇಶ ಓದಿ, "ಮೂರು ದಿನವೂ ಈಯಮ್ಮ ನನ್ನ ವಾರ್ಡಲ್ಲೇ ಇದ್ದಾರೆ. ಡ್ಯೂಟಿ ರಿಜಿಸ್ಟರಲ್ಲಿ ಸೈನಿದೆ. ನಾನು ಬರ್ಕೊಡ್ತೀನಿ, ನೀವು ಇವತ್ತೇ ಸರಿ ಮಾಡಿ" ಎಂದರು. ಅವರು ದನಿ ಎತ್ತಲಿಲ್ಲ. ಅವನು ಎದ್ದು ನಿಂತು, "ಆಯ್ತು ಮೇಡಂ" ಎಂದ. ನನ್ನ ಅರ್ಧ ಗಂಟೆಯ ಕೂಗಾಟಕ್ಕೆ ಆಗದ್ದು ಅವರ ಎರಡು ಮಾತಿಗೆ ಆಯಿತು. ಅದಕ್ಕೂ ನನಗೆ ಸಿಟ್ಟು ಬಂತು. ಆ ಎರಡು ಮಾತು ಮೂರು ದಿನ ಎಲ್ಲಿತ್ತು?

ಯಾವ ಫೋಟೋ ಹಾಕಬೇಕು ಎಂದು ಅವನು ನನ್ನನ್ನು ಕೇಳಿದ. ಅವಳನ್ನು ಕೇಳು ಎಂದೆ. ಅವಳು ಎರಡನ್ನೂ ಮೇಜಿನ ಮೇಲಿಟ್ಟು ನೋಡಿ, ನಾನು ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಪಕ್ಕಕ್ಕೆ ಸರಿಸಿದಳು. ಸೀರೆಯದರ ಮೇಲೆ ಬೆರಳಿಟ್ಟು, "ಇದು" ಎಂದಳು. ಅವನು ಅದನ್ನು ಯಂತ್ರಕ್ಕೆ ತುಂಬಿದ. ಅವಳು ಹಿಂಬಾಗಿಲಿಗೆ ಹೋಗಿ ಮುಖ ತೋರಿಸಿದಳು. ಒಂದೇ ಸಲಕ್ಕೆ ಹಸಿರು ಬಂತು. ಅವಳು ತಿರುಗಿಯೂ ನೋಡದೆ ಕೋಟು ತೊಟ್ಟು ವಾರ್ಡಿಗೆ ಹೋದಳು. ಆಗಲೇ ಹೊತ್ತಾಗಿತ್ತು ಅವಳಿಗೆ.

ಮಿಕ್ಕ ಹತ್ತು ಜನರ ಸರಿಯಾದ ಫೋಟೋಗಳ ಲಕೋಟೆಯನ್ನು ಅವನ ಮೇಜಿನ ಮೇಲಿಟ್ಟೆ. "ಅವ್ರದೆಲ್ಲ ಮಿಷಿನ್ ತಗೊಳ್ತಿದೆಯಲ್ಲ ಮೇಡಂ, ಕಾರ್ಡೂ ಪ್ರಿಂಟಾಗಿದೆ. ಮುಂದಿನ ಸಲ ನೋಡೋಣ" ಎಂದ. ಲಕೋಟೆಯನ್ನು ಡ್ರಾಯರಿಗೆ ಹಾಕಿದ. ಇಂದಿಗೂ ಅದು ಅಲ್ಲೇ ಇರಬೇಕು.

ಬಸ್ಸಿನಲ್ಲಿ ಬರುತ್ತಾ ಚನ್ನರಾಯಪಟ್ಟಣದವರಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದೆ. "ಚೆನ್ನಾಗಿ ಕಂಡ್ರೆ ಕಸ್ಟಮರ್‌ಗೇ ಖುಷಿ ಅಲ್ವಾ ಮೇಡಂ, ನೀವ್ಯಾಕೆ ತಲೆ ಕೆಡಿಸ್ಕತೀರಿ?" ಎಂದರು. ಫೋನು ಇಟ್ಟುಬಿಟ್ಟೆ. ಮನೆಗೆ ಬಂದು ಆ್ಯಪನ್ನು ತೆಗೆದು ಹಾಕಿದೆ. ಅಂದಿನಿಂದ ಯಾರು ಶರ್ಟು ಹಾಕಿಕೊಡಿ ಎಂದು ಬಂದರೂ, ಶರ್ಟು ಬೇಕು ಎಂದವರು ಯಾರು, ಆ ಕಾಗದ ತನ್ನಿ ಎನ್ನುತ್ತೇನೆ. ಕೆಲವರು ಬೈದುಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ. ಹೋಗಲಿ.

ಮೊನ್ನೆ ಸಂತೆಯಲ್ಲಿ ಆ ಹತ್ತು ಜನರಲ್ಲಿ ಒಬ್ಬಳು ಸಿಕ್ಕಳು, ಉಬ್ಬುಹಲ್ಲಿನವಳು. ಕೊರಳಲ್ಲಿ ಕಾರ್ಡು ಹಾಗೇ ಇತ್ತು, ಕೆಲಸದಿಂದ ನೇರ ಬಂದಿದ್ದಳು. ಸೀರೆಯ ಮೇಲೆ ನೀಲಿ ಶರ್ಟಿನ, ಬೆಳ್ಳಗಿನ, ತುಟಿ ಮುಚ್ಚಿದ ಯಾರೋ ಒಬ್ಬಳು ತೂಗಾಡುತ್ತಿದ್ದಳು. ನಿನ್ನ ನಿಜವಾದ ಫೋಟೋ ಮಾಡಿಟ್ಟಿದ್ದೇನೆ, ಒತ್ತಾಯ ಮಾಡಿ ಬದಲಾಯಿಸಿಕೋ ಎಂದೆ.

"ಇರ್ಲಿ ಬುಡಕ್ಕ, ಇದೇ ಚೆನ್ನಾಗೈತೆ" ಎಂದು ಕಾರ್ಡನ್ನು ಸೆರಗಿನ ತುದಿಯಿಂದ ಒರೆಸಿಕೊಂಡಳು.

ಅವಳ ಮೇಲೂ ರೇಗಿಬಿಡುತ್ತಿದ್ದೆ. ಬಾಯಿಯವರೆಗೆ ಬಂದಿತ್ತು. ಆದರೆ ಆ ಮುಖವನ್ನು ಅವಳಿಗೆ ಕೊಟ್ಟವಳು ನಾನೇ. ಸೊಪ್ಪಿನ ಕಟ್ಟು ಎತ್ತಿಕೊಂಡು ಬಂದೆ.